ನಮ್ಮೂರ ಆಟೊಮ್ಯಾಟಿಕ್ ನೀರಿನ ವಾಲ್ವ್: 18 ತಿಂಗಳು ಬಳಸಿದ ಮೇಲೆ

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಹಳ್ಳಿ. ಸುಮಾರು 180 ಮನೆ, ನಾಲ್ಕು ಲೈನು, 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕು. ಹೋದ ವರ್ಷದ ಹಿಂದಿನ ಕಾರ್ತಿಕದವರೆಗೂ ನೀರುಗಂಟಿ ಕೀಲಿ ಹಿಡಿದು ಬಂದು ಒಂದೊಂದೇ ವಾಲ್ವ್ ತಿರುಗಿಸಿದರೆ ನೀರು. ಅವರಿಗೆ ಜ್ವರ ಬಂದ ದಿನ ಒಂದು ಕೇರಿಗೆ ಮಧ್ಯಾಹ್ನದವರೆಗೆ ಹರಿಯೋದು, ಇನ್ನೊಂದಕ್ಕೆ ಹನಿಯೂ ಇಲ್ಲ. ಈಗ ಟ್ಯಾಂಕಿನ ಕೆಳಗಿನ ನಾಲ್ಕೂ ಗುಂಡಿಗಳಲ್ಲಿ ವಾಲ್ವಿನ ಮೇಲೆ ಮೋಟರ್ ಕೂತಿದೆ. ಟ್ಯಾಂಕಿನ ಕಂಬಕ್ಕೆ ಒಂದು ಟೈಮರ್ ಪೆಟ್ಟಿಗೆ, ಅದಕ್ಕೊಂದು ಬ್ಯಾಟರಿ, ಮೇಲೆ ಸೋಲಾರ್ ಫಲಕ. ಕರೆಂಟ್ ಹೋದರೂ ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯುತ್ತೆ.

ಇದನ್ನು ಹಾಕಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆ ಕೆಳಗಿನ ಕೇರಿಯಲ್ಲಿ. ಅಂಟಿಸಿದ ಪಟ್ಟಿಯಲ್ಲಿ ಮೇಲಿನ ಕೇರಿಗೆ 50 ನಿಮಿಷ, ನಡುವಿನ ಎರಡು ಲೈನಿಗೆ 35, ನಮಗೆ ಬರೀ 25. ಗುಡಿ ಮುಂದೆ ಸೇರಿದ್ದ ಸಭೆಯಲ್ಲಿ ನಮ್ಮ ಕೇರಿಯವರೆಲ್ಲ ಎದ್ದು ನಿಂತಿದ್ದೆವು. ಆವತ್ತು ನಮ್ಮ ವಾರ್ಡಿನ ಮೆಂಬರಕ್ಕ ಆಡಿದ ಮಾತು ಕೇಳದೇ ಇದ್ದಿದ್ದರೆ ಈ ವಿಮರ್ಶೆ ಬೇರೆ ಥರ ಇರುತ್ತಿತ್ತು.

ಅವರು ಕಾಗದ ಓದಲಿಲ್ಲ. 15 ಲೀಟರಿನ ಒಂದು ನೀಲಿ ಬಕೆಟ್ ತಂದು ಎಲ್ಲರ ಮುಂದೆ ಇಟ್ಟರು. "ನೋಡ್ರಪ್ಪ, ಹೋದ ವಾರ ಟ್ಯಾಂಕ್ ತುಂಬಿರೋವಾಗ ಇದೇ ಬಕೆಟ್ ಹಿಡ್ಕೊಂಡು ಮನೆಮನೆಗೂ ಹೋಗಿದ್ದೆ. ಕೇರಿಯೋರೆಲ್ಲ ನಲ್ಲಿ ಬಿಟ್ಟಿರೋ ಹೊತ್ನಲ್ಲೇ ಹಿಡಿದಿದ್ದು. ಕೆಳಗಿನ ಕೇರೀಲಿ ಒಂದೂವರೆ ನಿಮಿಷಕ್ಕೆ ತುಂಬ್ತು. ಮೇಲಿನ ಕೇರೀಲಿ ಮೂರು ನಿಮಿಷ ಬೇಕಾಯ್ತು. ಅಂದ್ರೆ ನಿಮಗೆ ನಿಮಿಷಕ್ಕೆ 10 ಲೀಟ್ರು, ಅವರಿಗೆ 5. ಹೊತ್ತು ಸಮ ಮಾಡಿದ್ರೆ ನೀರು ಸಮ ಆಗುತ್ತಾ, ನೀವೇ ಹೇಳಿ."

ಆಮೇಲೆ ಲೆಕ್ಕ ಬಿಡಿಸಿದರು. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೆಗೆ ನಾಲ್ಕೂವರೆ ಜನ ಅಂತ ಹಿಡಿದರೆ ಹತ್ತಿರ ಹತ್ತಿರ 250 ಲೀಟರ್. ನಮಗೆ ಅದು 25 ನಿಮಿಷದಲ್ಲಿ ಬರುತ್ತೆ, ಮೇಲಿನವರಿಗೆ 50 ನಿಮಿಷ ಹಿಡಿಯುತ್ತೆ. 180 ಮನೆಗೂ ಸೇರಿ 45 ಸಾವಿರ ಲೀಟರ್. ಟ್ಯಾಂಕಿನಲ್ಲಿ ಸ್ವಲ್ಪ ಉಳಿಯುತ್ತೆ.

ನಮ್ಮ ಪಕ್ಕದ ಮನೆ ತಾತ ಕೇಳಿದರು, "ಹಂಗಾದ್ರೆ ಮೇಲ್ನೋರಿಗೇ ಯಾಕವ್ವ ಮೊದಲು ಬಿಡೋದು? ನಾವು ಎಂಟು ಗಂಟೆವರೆಗೂ ಕಾಯ್ಬೇಕಾ?" ಅಕ್ಕ ಟ್ಯಾಂಕಿನ ಕಡೆ ಕೈ ತೋರಿಸಿದರು. ಟ್ಯಾಂಕ್ ತುಂಬಿದಾಗ ಅದರ ನೀರಿನ ಮಟ್ಟ ನಮ್ಮ ನಲ್ಲಿಗಿಂತ ಸುಮಾರು 48 ಅಡಿ ಎತ್ತರ, ಮೇಲಿನ ಕೇರಿಯ ನಲ್ಲಿಗಿಂತ 12 ಅಡಿ ಅಷ್ಟೇ. "ಟ್ಯಾಂಕ್‌ನಾಗೆ ಐದಡಿ ನೀರು ಇಳೀತು ಅಂದ್ಕೊ ತಾತ. ನಿನಗೆ 48ರಲ್ಲಿ ಐದು ಹೋಗುತ್ತೆ, ಗೊತ್ತೇ ಆಗಲ್ಲ. ಅವರಿಗೆ 12ರಲ್ಲಿ ಐದು ಹೋದ್ರೆ ನಲ್ಲೀಲಿ ದಾರ ಇಳಿದಂಗೆ ಇಳಿಯುತ್ತೆ." ಹಾಗಾಗಿ ಟ್ಯಾಂಕ್ ತುಂಬಿರುವ ಬೆಳಿಗ್ಗೆ 5:30ಕ್ಕೆ ಮೇಲಿನ ಕೇರಿ, ಕೊನೆಗೆ 7:45ಕ್ಕೆ ನಾವು. ತಾತ ಮತ್ತೆ ಮಾತಾಡಲಿಲ್ಲ. ನಾನೂ ಕೂತೆ.

ಬಳಕೆಯಲ್ಲಿ ಹೇಗಿದೆ ಅಂತ ಕೇಳಿದರೆ, ಹೊತ್ತು ತಪ್ಪಿದ್ದು ತುಂಬಾ ಕಡಿಮೆ. ರೇಷ್ಮೆ ಮನೆಗೆ ಕೂಲಿಗೆ ಹೋಗುವ ಹೆಂಗಸರು ನೀರಿಗಾಗಿ ಕಾದು ಕೂಲಿ ಕಳೆದುಕೊಳ್ಳೋದು ನಿಂತಿದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ.

ಪಟ್ಟಿಯಲ್ಲಿ ಒಂದು ತಪ್ಪಿತ್ತು, ಅದನ್ನು ಹಿಡಿದದ್ದು ನಮ್ಮ ಮನೆಯ ಡ್ರಮ್ಮು. 25 ನಿಮಿಷಕ್ಕೆ 250 ಲೀಟರ್ ಬರಬೇಕಿತ್ತು, ದಿನವೂ 225ರ ಆಸುಪಾಸಿಗೆ ನಿಲ್ಲುತ್ತಿತ್ತು. ಅಕ್ಕ ಬಕೆಟ್ ಹಿಡಿದಿದ್ದು ಟ್ಯಾಂಕ್ ತುಂಬಿದ್ದಾಗ. ನಮ್ಮ ಸರದಿ ಬರುವ ಹೊತ್ತಿಗೆ ಮಟ್ಟ ಒಂಬತ್ತಡಿ ಇಳಿದು ನಿಮಿಷಕ್ಕೆ 9 ಲೀಟರ್ ಮಾತ್ರ ಬರುತ್ತಿತ್ತು. ಹೋಗಿ ಹೇಳಿದೆ. ಅವರೇ ಬಂದು ನಮ್ಮ ಸರದಿಯಲ್ಲಿ ಮತ್ತೆ ಬಕೆಟ್ ಹಿಡಿದು ನೋಡಿ 28 ನಿಮಿಷ ಮಾಡಿಸಿದರು. ನಿಮ್ಮೂರಲ್ಲೂ ಇದನ್ನು ಹಾಕಿದರೆ, ಅಳತೆಯನ್ನು ಆಯಾ ಲೈನಿನ ಸರದಿಯಲ್ಲೇ ತೆಗೆಯೋಕೆ ಹೇಳಿ.

ಮೊದಲ ಬೇಸಿಗೆಯಲ್ಲಿ ಮಾತ್ರ ತುಂಬಾ ಕಷ್ಟ ಆಯಿತು. ಬೋರ್‌ವೆಲ್ ಇಳುವರಿ ಕಮ್ಮಿಯಾಗಿ ಬೆಳಗಿನ ಹೊತ್ತಿಗೆ ಟ್ಯಾಂಕಿನಲ್ಲಿ 36 ಸಾವಿರ ಲೀಟರ್ ಸೇರುತ್ತಿತ್ತು. ಟೈಮರಿಗೆ ಗಡಿಯಾರ ಮಾತ್ರ ಗೊತ್ತು, ಟ್ಯಾಂಕಿನಲ್ಲಿ ಎಷ್ಟಿದೆ ಗೊತ್ತಿಲ್ಲ. ಮೇಲಿನ ಮೂರು ಲೈನಿಗೆ ಪೂರ್ತಿ ಹೊತ್ತು ಬಿಟ್ಟು, ನಮ್ಮ ಸರದಿಗೆ ಬರೀ ಗಾಳಿ. ಹದಿನೈದು ದಿನ ಇದೇ ಪಾಡು. ಈ ಬೇಸಿಗೆಗೆ ಅಕ್ಕ ಮೊದಲೇ ಪಟ್ಟಿ ಬದಲಾಯಿಸಿದರು. 45ರ ಬದಲು 36 ಇದೆ, ಅಂದರೆ ನೂರಕ್ಕೆ 80. ಎಲ್ಲರ ಹೊತ್ತನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸಿದರು: 50 ಇದ್ದದ್ದು 40, 35 ಇದ್ದದ್ದು 28, ನಮ್ಮ 28 ಇದ್ದದ್ದು 22. ಮನೆಗೆ 200 ಲೀಟರಿನ ಆಸುಪಾಸು ಬಂತು. ಸಾಲದು, ಆದರೆ ನಾಲ್ಕೂ ಕೇರಿಗೆ ಬಂತು.

ಇನ್ನೊಂದು ತೊಂದರೆ ಬಂದದ್ದು ಮಳೆಗಾಲದಲ್ಲಿ. ಒಂದು ದಿನ ಬೆಳಿಗ್ಗೆ 11ಕ್ಕೂ ನಮ್ಮ ನಲ್ಲಿಯಲ್ಲಿ ಸಣ್ಣಗೆ ನೀರು ಬರುತ್ತಲೇ ಇತ್ತು. ನಾವು ಖುಷಿಯಾಗಿ ಹಿಡಿದುಕೊಂಡೆವು. ಮಾರನೇ ದಿನ ಮೇಲಿನ ಕೇರಿಗೆ ನೀರೇ ಇಲ್ಲ. ಟ್ಯಾಂಕು ರಾತ್ರಿಯೆಲ್ಲ ನಮ್ಮ ಲೈನಿಗೆ ಸೋರಿಹೋಗಿತ್ತು. ವಾಲ್ವಿನ ಬಾಯಿಗೆ ಒಂದು ಹುಣಸೆ ಬೀಜದಷ್ಟು ಕಲ್ಲು ಸಿಕ್ಕಿಕೊಂಡಿತ್ತು. ಮೋಟರ್ ತನ್ನ ಒಂದು ನಿಮಿಷ ತಿರುಗಿ ನಿಂತಿದೆ, ಪೆಟ್ಟಿಗೆಯಿಂದ ಫೋನಿಗೆ "ಬಂದ್ ಆಗಿದೆ" ಅಂತ ಮೆಸೇಜೂ ಹೋಗಿದೆ. ನಿಜವಾಗಿ ಮುಚ್ಚಿದೆಯಾ ಅಂತ ನೋಡುವ ಸ್ವಿಚ್ಚೇ ಆ ವಾಲ್ವಿನಲ್ಲಿ ಇರಲಿಲ್ಲ. ಗುಂಡಿಯ ಮುಚ್ಚಳ ತೆಗೆದು ನೋಡಿದರೆ ಮೋಟರಿನ ಮೇಲಿನ ಮುಳ್ಳು ಅಡ್ಡಕ್ಕೂ ಇಲ್ಲ ಉದ್ದಕ್ಕೂ ಇಲ್ಲ, ಓರೆಯಾಗಿ ನಿಂತಿತ್ತು. ಪೈಪಿಗೆ ಕಿವಿ ಕೊಟ್ಟರೆ ಸುಯ್ ಅನ್ನೋ ಸದ್ದು. ನೀರುಗಂಟಿ ಕೈಯಿಂದ ಎರಡು ಸಲ ತೆರೆದು ಮುಚ್ಚಿದಾಗ ಕಲ್ಲು ಹರಿದುಹೋಯಿತು. ಹೊತ್ತಲ್ಲದ ಹೊತ್ತಲ್ಲಿ ನಲ್ಲಿ ತೊಟ್ಟಿಕ್ಕಿದರೆ ಈಗ ನಮ್ಮ ಕೇರಿಯವರು ಮೊದಲು ಅವರಿಗೆ ಫೋನ್ ಮಾಡುತ್ತೇವೆ. ಆಟೊಮ್ಯಾಟಿಕ್ ಬಂತು, ಇನ್ನು ನೀರುಗಂಟಿ ಯಾಕೆ ಅಂತ ಕೇಳುವವರಿಗೆ ಈ ಒಂದು ದಿನದ ಕಥೆ ಹೇಳುತ್ತೇನೆ.

ಅಂದಹಾಗೆ, ವಾಲ್ವ್ ನಿಧಾನಕ್ಕೆ ಮುಚ್ಚುತ್ತೆ ಅಂತ ಯಾರೂ ದೂರು ಕೊಡಬೇಡಿ. ಓಡುತ್ತಿರುವ ನೀರನ್ನು ಫಟ್ ಅಂತ ನಿಲ್ಲಿಸಿದರೆ ಪೈಪಿನೊಳಗೆ ಗುದ್ದಿ ಜಾಯಿಂಟ್ ಕಿತ್ತುಬರುತ್ತೆ. ಹಾಗೇ ಮೊದಲ ಅರ್ಧ ಬಕೆಟ್ ನೀರು ಕುಡಿಯೋಕೆ ಹಿಡಿಯಬೇಡಿ. ಖಾಲಿ ಪೈಪು ಸೋರುವ ಕಡೆಯಿಂದ ಚರಂಡಿ ನೀರನ್ನೂ ಒಳಗೆ ಎಳೆದುಕೊಂಡಿರಬಹುದು.

ನಲ್ಲಿಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವವರನ್ನು ಈ ವಾಲ್ವ್ ಏನೂ ಮಾಡಲಾರದು. ನಮ್ಮ ಲೈನಿನಲ್ಲೇ ಎರಡು ಮನೆಯಲ್ಲಿ ಹಚ್ಚುತ್ತಾರೆ. ಆ ದಿನ ಲೈನಿನ ತುದಿಯ ಮನೆಗಳಿಗೆ 28 ನಿಮಿಷದಲ್ಲಿ ನಾಲ್ಕು ಕೊಡ ಸಿಕ್ಕರೆ ಹೆಚ್ಚು. ಅಕ್ಕ ಸಭೆಯಲ್ಲಿ ಕೈಮುಗಿದು ಕೇಳಿದ್ದು ಇದೊಂದನ್ನೇ. ಹಚ್ಚುತ್ತಿದ್ದ ಮೂವರಲ್ಲಿ ಒಬ್ಬರು ತೆಗೆದಿದ್ದಾರೆ, ಈ ಇಬ್ಬರು ಇನ್ನೂ ತೆಗೆದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಚ್ಚಿದ್ದು ಖಾತ್ರಿ ಮಾಡುವ ಸ್ವಿಚ್ಚು ಮತ್ತು ಟ್ಯಾಂಕಿಗೆ ಮಟ್ಟ ನೋಡುವ ಸೆನ್ಸರ್ ಹಾಕಿಸಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಕೇಳಲು ನಮ್ಮ ಕೇರಿಯವರು ಅರ್ಜಿ ಬರೆದಿಟ್ಟಿದ್ದೇವೆ.