ಫೌಂಟನ್‌ನಲ್ಲಿ ಕನ್ನಡ ಚಿತ್ರಕಥೆ: ಎಲ್ಲಾ ಚೆನ್ನಾಗಿದೆ, ಆ @ ಒಂದು ಬಿಟ್ಟು

ಕಿರುಚಿತ್ರದ ಚಿತ್ರಕಥೆ ಬರೆಯೋಕೆ ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಫೌಂಟನ್ ಕಲಿಯಿರಿ. ಇದು ಸಾಫ್ಟ್‌ವೇರ್ ಅಲ್ಲ, ಟೈಪ್ ಮಾಡುವ ಒಂದು ಪದ್ಧತಿ. ಹಾಲಿವುಡ್ ಚಿತ್ರಕಥೆಗಾರ ಜಾನ್ ಆಗಸ್ಟ್, ಸ್ಟೂ ಮಾಶ್‌ವಿಟ್ಸ್ ಮತ್ತು ಜೊತೆಯವರು 2012ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ದುಡ್ಡಿಲ್ಲ, ಲಾಗಿನ್ ಇಲ್ಲ. ಸಾದಾ ನೋಟ್‌ಪ್ಯಾಡಿನಲ್ಲಿ ಬರೆಯುತ್ತೀರಿ. ಎಲ್ಲಿ ಖಾಲಿ ಸಾಲು ಬಿಟ್ಟಿದ್ದೀರಿ, ಯಾವ ಗುರುತು ಹಾಕಿದ್ದೀರಿ ಅನ್ನೋದನ್ನು ನೋಡಿ ಫೌಂಟನ್ ಓದುವ ಆ್ಯಪ್ ಅದನ್ನು ಸರಿಯಾದ ಚಿತ್ರಕಥೆಯ ಪುಟವಾಗಿ ಜೋಡಿಸಿಕೊಡುತ್ತದೆ.

ನನಗೆ ಇದು ಒಗ್ಗಿದ್ದು ರೈಲಿನಲ್ಲಿ. ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಬೆಳಗಿನ ಗಾಡಿಯಲ್ಲಿ ಸೀಟು ಸಿಕ್ಕರೆ ಫೋನ್ ತೆಗೆದು ನಿನ್ನೆ ಬರೆದ ಸೀನ್ ಓದಿಕೊಳ್ಳುತ್ತೇನೆ. ಪಾಂಡವಪುರ ಬರುವಷ್ಟರಲ್ಲಿ ಹೊಸ ಸೀನ್ ಶುರುವಾಗಿರಬೇಕು, ಇದು ನನಗೆ ನಾನೇ ಹಾಕಿಕೊಂಡ ಲೆಕ್ಕ. ಸೀಟು ಸಿಗದ ದಿನ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಡೈಲಾಗ್. ಟ್ಯಾಬ್ ಒತ್ತುವುದು, ಮಾರ್ಜಿನ್ ಎಳೆಯುವುದು ಏನೂ ಇಲ್ಲ. ನಿಂತುಕೊಂಡೇ ಬರೆಯಬಹುದು. ರಾತ್ರಿ ಮನೆಯಲ್ಲಿ ಅದೇ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಹೆಸರು ನಡುವೆ, ಮಾತು ಕಿರಿದಾದ ಅಂಕಣದಲ್ಲಿ, ಸೀನ್ ಹೆಡಿಂಗ್ ಎಡಕ್ಕೆ. ಅದನ್ನು ನೋಡುವ ಖುಷಿ ಇನ್ನೂ ಕಡಿಮೆಯಾಗಿಲ್ಲ.

ಒಂದು ಸೀನ್ ಇಟ್ಟುಕೊಂಡೇ ಹೇಳುತ್ತೇನೆ. ಗೆಳೆಯನೊಬ್ಬ ಆಲೆಮನೆ ಕಥೆ ಬರೆದುಕೊಟ್ಟಿದ್ದ. ಅವನ ಬರವಣಿಗೆ ಹೀಗಿತ್ತು: ‘ಬೋರೇಗೌಡರು ಸಾಲದಲ್ಲಿ ಮುಳುಗಿ ಹೋಗಿದ್ದಾರೆ. ಮಗನ ಮುಖ ನೋಡಲು ಅವರಿಗೆ ಒಳಗೊಳಗೇ ಸಂಕಟ.’ ಕಥೆಗೆ ಇದು ಸರಿ. ಆದರೆ ಕ್ಯಾಮೆರಾ ಎಲ್ಲಿಡಬೇಕು? ಸಾಲ ಕಾಣುವುದಿಲ್ಲ, ಸಂಕಟವೂ ಕಾಣುವುದಿಲ್ಲ. ಅದೇ ಸೀನನ್ನು ಫೌಂಟನ್‌ನಲ್ಲಿ ಹೀಗೆ ಬರೆದೆವು:

```
INT. ಆಲೆಮನೆ - ರಾತ್ರಿ

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. **ಬೋರೇಗೌಡ** (60) ಒಲೆಗೆ ರಚ್ಚು ತುಂಬುತ್ತಾನೆ.

ಬಾಗಿಲಲ್ಲಿ **ಮಂಜ** (28). ಕೈಯಲ್ಲಿ ಬ್ಯಾಂಕಿನ ಲಕೋಟೆ.

@ಮಂಜ
ಅಪ್ಪಾ, ಇನ್ನೊಂದು ಬಂತು.

@ಬೋರೇಗೌಡ
(ತಿರುಗದೆ)
ಅಲ್ಲೇ ಮಡಗು.
```

ಮೊದಲ ಸಾಲು ಸ್ಲಗ್‌ಲೈನ್. ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು, ಈ ಮೂರೇ ವಿಷಯ. ನಂತರದ್ದು ಆ್ಯಕ್ಷನ್ ಸಾಲುಗಳು. ಕಾಣುವುದು, ಕೇಳುವುದು ಮಾತ್ರ, ಅದೂ ವರ್ತಮಾನ ಕಾಲದಲ್ಲಿ. ಸಾಲ ಈಗ ಲಕೋಟೆಯಾಗಿದೆ, ಸಂಕಟ ‘ತಿರುಗದೆ’ ಆಗಿದೆ. ‘ಇನ್ನೊಂದು’ ಅಂದರೆ ಹಿಂದೆಯೂ ಬಂದಿವೆ ಅಂತ ನೋಡುವವನಿಗೆ ತಾನಾಗೇ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ಆ @ ವಿಚಾರ.

ಫೌಂಟನ್ ಮಾಡಿದವರು ಇಂಗ್ಲಿಷಿನಲ್ಲಿ ಬರೆಯುವವರು. ಅವರ ಚಿತ್ರಕಥೆಯಲ್ಲಿ ಅರ್ಧ ಕೆಲಸ ಮಾಡುವುದೇ ಕ್ಯಾಪಿಟಲ್ ಅಕ್ಷರ. ಮೇಲೆ ಖಾಲಿ ಸಾಲು ಬಿಟ್ಟು, ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆದು, ಕೆಳಗೆ ಖಾಲಿ ಬಿಡದೆ ಮುಂದುವರಿಸಿದರೆ ಅದು ಪಾತ್ರದ ಹೆಸರು. ಅದರ ಕೆಳಗಿರುವುದು ಮಾತು. ಕ್ಯಾಪಿಟಲ್‌ನಲ್ಲಿದ್ದು ಕೊನೆಗೆ `TO:` ಇದ್ದರೆ ಅದು ಟ್ರಾನ್ಸಿಷನ್, ಅಂದರೆ ಒಂದು ಸೀನಿನಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಅನ್ನುವ ಸೂಚನೆ. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿಂದ ತರೋದು? ಅದಕ್ಕೇ ಪ್ರತಿ ಹೆಸರಿನ ಶುರುವಿನಲ್ಲೂ @ ಹಾಕಬೇಕು, ಇದು ಪಾತ್ರ ಅಂತ ಬಲವಂತವಾಗಿ ಹೇಳಬೇಕು. ಕನ್ನಡ ಕೀಬೋರ್ಡಿನಲ್ಲಿ @ ಬೇಕೆಂದರೆ ಚಿಹ್ನೆಗಳ ಪುಟಕ್ಕೆ ಹೋಗಿ ಬರಬೇಕು. ಇಬ್ಬರು ಜಗಳ ಆಡುವ ಸೀನ್ ಬರೆಯುವಾಗ ಜಗಳಕ್ಕಿಂತ ಜಾಸ್ತಿ ಸಿಟ್ಟು ಬರುವುದು ಈ ಓಡಾಟಕ್ಕೆ.

ಹಾಕದಿದ್ದರೆ ಏನಾಗುತ್ತದೆ ಅನ್ನೋದು ಆ್ಯಪ್ ಮೇಲಿದೆ. ಕೆಲವು ಆ್ಯಪ್‌ಗಳು ಸಾಲಿನಲ್ಲಿ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಇದೆಯಾ ಅಂತ ಹುಡುಕುತ್ತವೆ. ಕನ್ನಡ ಹೆಸರಲ್ಲಿ ಅದು ಸಿಗುವುದಿಲ್ಲ, ಮಾತೆಲ್ಲ ಆ್ಯಕ್ಷನ್ ಆಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಇನ್ನು ಕೆಲವು ‘ಈ ಸಾಲನ್ನು ಕ್ಯಾಪಿಟಲ್ ಮಾಡಿದರೆ ಬದಲಾಗುತ್ತದಾ’ ಅಂತ ಪರೀಕ್ಷೆ ಮಾಡುತ್ತವೆ. ಕನ್ನಡದ ಸಾಲು ಬದಲಾಗುವುದೇ ಇಲ್ಲವಲ್ಲ! ಹಾಗಾಗಿ ಕನ್ನಡದ ಪ್ರತಿ ಸಾಲೂ ಈ ಪರೀಕ್ಷೆ ಪಾಸು. ಒಂದು ಸಲ ನಾನು ಆ್ಯಕ್ಷನ್‌ನ ಎರಡು ಸಾಲುಗಳ ಮಧ್ಯೆ ಸುಮ್ನೆ ಎಂಟರ್ ಒತ್ತಿದ್ದೆ:

```
ಕೊಪ್ಪರಿಗೆ ಕುದಿಯುತ್ತಿದೆ.
ಹೊಗೆ ಮಾಡಿಗೆ ಏರುತ್ತಿದೆ.
```

ಪುಟದಲ್ಲಿ ‘ಕೊಪ್ಪರಿಗೆ ಕುದಿಯುತ್ತಿದೆ’ ಅನ್ನುವವರೊಬ್ಬರು ಬಂದು ‘ಹೊಗೆ ಮಾಡಿಗೆ ಏರುತ್ತಿದೆ’ ಅಂತ ಡೈಲಾಗ್ ಹೊಡೆದಿದ್ದರು. ಪಾತ್ರಗಳ ಪಟ್ಟಿಯಲ್ಲೂ ಅವರ ಹೆಸರಿತ್ತು. ಇದನ್ನು ಪತ್ತೆ ಮಾಡುವ ಸುಲಭ ದಾರಿ ಆ ಪಟ್ಟಿಯೇ. ಯಾವ ನಟನೂ ಮಾಡಲಾಗದ ಪಾತ್ರ ಅಲ್ಲಿ ಕಂಡರೆ ಆ್ಯಕ್ಷನ್ ಸಾಲು ಎಲ್ಲೋ ಜಾರಿದೆ ಅಂತ ಅರ್ಥ. ಮಧ್ಯದ ಎಂಟರ್ ತೆಗೆದು ಎರಡನ್ನೂ ಒಂದೇ ಸಾಲಾಗಿ ಸೇರಿಸಿದರೆ ಸರಿಹೋಗುತ್ತದೆ. ಇಲ್ಲವೇ ಮೊದಲ ಸಾಲಿನ ಶುರುವಿನಲ್ಲಿ `!` ಹಾಕಿ. ಅದು ಆ್ಯಕ್ಷನ್ ಅಂತ ಬಲವಂತವಾಗಿ ಹೇಳುವ ಗುರುತು.

ಸ್ಲಗ್‌ಲೈನ್ ಕನ್ನಡದಲ್ಲೇ ಬೇಕು ಅನ್ನುವವರಿಗೂ ದಾರಿ ಇದೆ. ಶುರುವಿನಲ್ಲಿ ಒಂದು ಚುಕ್ಕಿ ಇಟ್ಟು `.ಒಳಗೆ ಆಲೆಮನೆ - ರಾತ್ರಿ` ಅಂತ ಬರೆದರೆ ಸೀನ್ ಹೆಡಿಂಗ್ ಆಗುತ್ತದೆ. ನನ್ನ ಪ್ರಕಾರ ಇದು ಬೇಡ. `INT.` ಮತ್ತು `EXT.` ಇದ್ದರೆ ಒಳಗಿನ ಸೀನ್, ಹೊರಗಿನ ಸೀನ್ ಅಂತ ಪಟ್ಟಿ ಬೇರೆ ಬೇರೆಯಾಗಿ ಸಿಗುತ್ತದೆ. ‘ಒಳಗೆ’ ಅಂದರೆ ಆ್ಯಪ್‌ಗೆ ತಿಳಿಯುವುದಿಲ್ಲ. ಹಾಗಾಗಿ ಆ ಮೂರು ಅಕ್ಷರ ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ಕನ್ನಡದಲ್ಲಿ. ನಾನು ಫೋನಿನ ಕೀಬೋರ್ಡಿಗೆ ‘ಒಒ’ ಅಂದರೆ `INT.`, ‘ಹಹ’ ಅಂದರೆ `EXT.` ಅಂತ ಶಾರ್ಟ್‌ಕಟ್ ಕಲಿಸಿಟ್ಟಿದ್ದೇನೆ.

ಈ ಪಟ್ಟಿ ಯಾಕೆ ಮುಖ್ಯ ಅನ್ನೋದು ಶೂಟಿಂಗ್ ಹತ್ತಿರ ಬಂದಾಗ ಗೊತ್ತಾಗುತ್ತದೆ. ಆಲೆಮನೆಯಲ್ಲಿ ಒಲೆ ಉರಿಯುವುದು ಕಬ್ಬು ಅರೆಯುವಾಗ ಮಾತ್ರ. ಮಾಲೀಕರು ‘ಆ ರಾತ್ರಿ ಬನ್ರಪ್ಪ’ ಅಂದರೆ ಅಲ್ಲಿನ ರಾತ್ರಿ ಸೀನ್‌ಗಳೆಲ್ಲ ಅವತ್ತೇ ಮುಗಿಯಬೇಕು, ಕಥೆಯಲ್ಲಿ ಅವು ಎಲ್ಲೇ ಇರಲಿ. ನಮ್ಮ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗ ಸ್ಲಗ್‌ಲೈನ್ ನೋಡಿ ಅವನ್ನು ಒಟ್ಟು ಹಾಕಿದ. ಒಂದು ಸೀನಿನಲ್ಲಿ ಮಾತ್ರ ‘ಗೌಡರ ಆಲೆಮನೆ’ ಅಂತ ಇತ್ತು. ಪಟ್ಟಿ ಅದನ್ನು ಬೇರೆ ಜಾಗ ಅಂತ ತೋರಿಸಿತು. ಅವನು ‘ಸಾರ್, ಎರಡು ಆಲೆಮನೆ ಬೇಕಾ?’ ಅಂತ ಕೇಳಿದ್ದಕ್ಕೆ ಬಚಾವಾದೆವು. ಜಾಗದ ಹೆಸರನ್ನು ಅಕ್ಷರ ಸಹ ಬದಲಿಸದೆ ಬರೆಯಬೇಕು. ಕಥೆಗಾರರಿಗೆ ಒಂದೇ ಪದ ಮತ್ತೆ ಮತ್ತೆ ಬರೆಯಲು ಬೇಸರ, ನಿಜ. ಇಲ್ಲಿ ಆ ಬೇಸರ ಪಟ್ಟುಕೊಳ್ಳಲೇಬೇಕು.

ಟ್ರಾನ್ಸಿಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸಬರು ಪ್ರತಿ ಸೀನಿನ ಕೊನೆಗೂ ‘ಕಟ್ ಟು’ ಬರೆಯುತ್ತಾರೆ. ಹೊಸ ಸ್ಲಗ್‌ಲೈನ್ ಬಂತು ಅಂದರೇ ಕಟ್ ಆಯಿತು ಅಂತ, ಮತ್ತೆ ಹೇಳಬೇಕಾಗಿಲ್ಲ. ಎರಡು ದೃಶ್ಯದ ಜೋಡಣೆಯಲ್ಲೇ ಏನೋ ಅರ್ಥ ಇದ್ದಾಗ ಮಾತ್ರ ಬರೆಯಿರಿ. ನಮ್ಮ ಇಡೀ ಚಿತ್ರಕಥೆಯಲ್ಲಿ ಇರುವುದು ಒಂದೇ:

```
> ಮ್ಯಾಚ್ ಕಟ್:

EXT. ನಾಲೆ ಏರಿ ರಸ್ತೆ - ರಾತ್ರಿ

ಕತ್ತಲಲ್ಲಿ ಟ್ರ್ಯಾಕ್ಟರಿನ ಕೆಂಪು ದೀಪ.
```

ಒಲೆಯ ಕೆಂಡದಿಂದ ನೇರ ಈ ಕೆಂಪು ದೀಪಕ್ಕೆ. ಇಲ್ಲೂ ಅಷ್ಟೇ, ಕನ್ನಡದ ಟ್ರಾನ್ಸಿಷನ್ ಆ್ಯಪ್‌ಗೆ ಅರ್ಥವಾಗುವುದಿಲ್ಲ, ಶುರುವಿನಲ್ಲಿ `>` ಹಾಕಬೇಕು. ಇನ್ನೊಂದು ಮಾತು. ಫೌಂಟನ್ ಬರಹವನ್ನು ವಾಟ್ಸ್ಯಾಪಿನಲ್ಲಿ ಮೆಸೇಜ್ ಆಗಿ ಕಳಿಸಬೇಡಿ. ಗ್ರೂಪಿನಲ್ಲಿ @ ಒತ್ತಿದರೆ ಸದಸ್ಯರ ಪಟ್ಟಿ ತೆರೆದುಕೊಳ್ಳುತ್ತದೆ, ನಕ್ಷತ್ರ ಹಾಕಿದ್ದು ಅಲ್ಲೇ ದಪ್ಪಕ್ಷರ ಆಗುತ್ತದೆ. ಫೈಲ್ ಆಗಿಯೇ ಕಳಿಸಿ.

ಪಾತ್ರ ಮೊದಲ ಸಲ ಬಂದಾಗ ಇಂಗ್ಲಿಷಿನವರು ಹೆಸರನ್ನು ಕ್ಯಾಪಿಟಲ್ ಮಾಡುತ್ತಾರೆ, ಹೊಸ ನಟ ಬೇಕು ಅಂತ ಓದುವವರಿಗೆ ಕಾಣಲಿ ಎಂದು. ನಾನು ಅದಕ್ಕೆ ಎರಡೆರಡು ನಕ್ಷತ್ರ ಹಾಕಿ ದಪ್ಪಕ್ಷರ ಮಾಡುತ್ತೇನೆ. ಅಡಿಗೆರೆ ಎಳೆದೂ ನೋಡಿದೆ. ಗೆರೆ ಹೋಗಿ ಒತ್ತಕ್ಷರದ ಮೇಲೆ ಕೂರುತ್ತದೆ, ‘ಪುಟ್ಟಮ್ಮ’ನನ್ನು ಓದೋಕೇ ಆಗುವುದಿಲ್ಲ.

ನಿಜಕ್ಕೂ ಕೈಕೊಡುವುದು ಪುಟದ ಲೆಕ್ಕ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುತ್ತಾರಲ್ಲ, ಅದು ಕೊರಿಯರ್ ಫಾಂಟಿನ 12 ಪಾಯಿಂಟ್ ಅಳತೆಗೆ ಹೊಂದಿಕೊಂಡ ಅಂದಾಜು. ಅದರಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ, ಇಂಚಿಗೆ 10 ಅಕ್ಷರ, 6 ಸಾಲು. ಕನ್ನಡದಲ್ಲಿ ‘ರ’ ಒಂದಗಲ, ‘ಮಾ’ ಇನ್ನೊಂದಗಲ. ಒತ್ತಕ್ಷರಕ್ಕೆ ಜಾಗ ಬೇಕು ಅಂತ ಸಾಲಿನ ಅಂತರವೂ ಜಾಸ್ತಿ. ಫಾಂಟ್ ಬದಲಿಸಿದರೆ ಪುಟದ ಸಂಖ್ಯೆಯೇ ಬದಲಾಗುತ್ತದೆ. ಹಾಗಾಗಿ ಪುಟ ಎಣಿಸುವುದನ್ನು ಬಿಟ್ಟು, ಫೋನಿನ ಸ್ಟಾಪ್‌ವಾಚ್ ಒತ್ತಿ ಸೀನ್ ಓದುತ್ತೇನೆ. ಡೈಲಾಗ್ ಜೋರಾಗಿ, ಆ್ಯಕ್ಷನ್ ಮನಸ್ಸಿನಲ್ಲೇ ನಡೆಯುವಷ್ಟು ಹೊತ್ತು. ‘ಅಲ್ಲೇ ಮಡಗು’ ಪುಟದಲ್ಲಿ ಎರಡೇ ಪದ. ಅದಕ್ಕೆ ಮುಂಚೆ ಗೌಡ ರಚ್ಚು ತಳ್ಳುತ್ತಾ ಸುಮ್ಮನಿರುವ ಹೊತ್ತು ಯಾವ ಪುಟದ ಲೆಕ್ಕಕ್ಕೂ ಬರುವುದಿಲ್ಲ.

ಪಿಡಿಎಫ್ ಮಾಡುವಾಗಲೂ ಹುಷಾರು. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಬರುತ್ತವೆ, ಇಲ್ಲವೇ ಒತ್ತಕ್ಷರ ಬಿಡಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಫಾಂಟನ್ನು ನೋಟೋ ಸ್ಯಾನ್ಸ್ ಕನ್ನಡ ಮಾಡಿ. ಆಗಲೂ ಸರಿಹೋಗದಿದ್ದರೆ ಪುಟವನ್ನು ಬ್ರೌಸರಿನಲ್ಲಿ ತೆರೆದು ಅಲ್ಲಿಂದ ಪ್ರಿಂಟ್ ಕೊಡಿ. ಸಾಮಾನ್ಯವಾಗಿ ಅಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಇಷ್ಟೆಲ್ಲ ಗೊಣಗಿದರೂ ನಾನು ಬೇರೆಯದಕ್ಕೆ ಹೋಗಿಲ್ಲ. ದುಡ್ಡು ಒಂದು ಕಾರಣ, ಇನ್ನೊಂದು ಕಾರಣ ಆ @ ತಾನೇ. ಪ್ರತಿ ಹೆಸರಿಗೂ ಅದನ್ನು ಒತ್ತಬೇಕಲ್ಲ ಅಂತ ಈಗ ಪಾತ್ರಗಳು ಸುಮ್ಮಸುಮ್ಮನೆ ‘ಹೂಂ’, ‘ಸರಿ’ ಅನ್ನುವುದು ನನ್ನ ಸೀನ್‌ಗಳಲ್ಲಿ ಕಡಿಮೆಯಾಗಿದೆ. ಮುಂದೆ ಯಾರಾದರೂ ಫೈನಲ್ ಡ್ರಾಫ್ಟ್ ಅನ್ನುವ ದುಡ್ಡಿನ ಸಾಫ್ಟ್‌ವೇರಿನ ಎಫ್‌ಡಿಎಕ್ಸ್ ಫೈಲ್ ಕೇಳಿದರೆ ಹಲವು ಫೌಂಟನ್ ಆ್ಯಪ್‌ಗಳು ಅದನ್ನೂ ಮಾಡಿಕೊಡುತ್ತವೆ.

ನಿಮ್ಮ ಹಳೆಯ ಚಿತ್ರಕಥೆಗಳು ನುಡಿ ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ನೇರವಾಗಿ ತಂದು ಅಂಟಿಸಬೇಡಿ. ಸಾದಾ ಫೈಲಿನಲ್ಲಿ ಫಾಂಟ್ ಅನ್ನೋದೇ ಇರುವುದಿಲ್ಲ, ‘ಕನ್ನಡ’ ಅನ್ನುವುದು `PÀ£ÀßqÀ` ಅಂತ ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ @ ಹಾಕಲು ಶುರು ಮಾಡಿ.