ಲಿಮಿಟ್ 60 ಲಕ್ಷ ಆಯಿತು, ಆದರೂ ಚೆಕ್ ವಾಪಸ್ ಬಂತು: ಡಿಪಿ ಲೆಕ್ಕ ಹಾಕದೆ ಬ್ಯಾಂಕಿಗೆ ಹೋಗಬೇಡಿ

ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಜಾಸ್ತಿ ಮಾಡಿಸಬೇಕು ಅಂತ ಯೋಚಿಸುತ್ತಿರುವ ಸಣ್ಣ ಉದ್ದಿಮೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕೇಳಿದ ಲಿಮಿಟ್ ನನಗೆ ಸಿಕ್ಕಿತು. ಸಿಕ್ಕಿದ ಮೇಲೆಯೇ ನಾನು ಕಷ್ಟಕ್ಕೆ ಬಿದ್ದೆ.

ನನ್ನದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಬ್ಯಾಂಕಿನಲ್ಲಿ 40 ಲಕ್ಷದ ಲಿಮಿಟ್ ಇತ್ತು. ಅದರಲ್ಲಿ 39 ಲಕ್ಷ ಯಾವಾಗಲೂ ಬಳಕೆಯಲ್ಲೇ ಇರುತ್ತಿತ್ತು. ಒಂದು ದೊಡ್ಡ ಆರ್ಡರ್ ಬಂತು. ಅದಕ್ಕೆ 12 ಲಕ್ಷದ ಕಾಗದದ ರೀಲು ಬೇಕಿತ್ತು. ನಮ್ಮ ಖಾತೆ ನೋಡಿಕೊಳ್ಳುವ ರಿಲೇಶನ್‌ಶಿಪ್ ಮ್ಯಾನೇಜರ್ ಹತ್ತಿರ ಹೋಗಿ, ಲಿಮಿಟ್ 60 ಲಕ್ಷ ಮಾಡಿಕೊಡಿ ಅಂತ ಕೇಳಿದೆ. ಅವರು ಲೆಕ್ಕಪತ್ರ ನೋಡಿ, "ನಿಮ್ಮ ವ್ಯವಹಾರಕ್ಕೆ ಖಂಡಿತ ಆಗುತ್ತೆ ಸರ್, ನಾನು ಕಳಿಸ್ತೀನಿ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆದರೆ ಮಂಜೂರು ಮಾಡುವವರು ಅವರಲ್ಲ, ಸಾಲ ವಿಭಾಗದವರು. ಅದು ಗೊತ್ತಿದ್ದೂ ನಾನು ಆ ಮಾತನ್ನು ನಂಬಿಕೊಂಡು ಆರ್ಡರ್ ಒಪ್ಪಿದೆ. ರೀಲನ್ನು ಉದ್ರಿಯಲ್ಲಿ ತರಿಸಿದೆ. ಸಪ್ಲೈಯರ್‌ಗೆ ಎರಡು ತಿಂಗಳ ಮುಂದಿನ ತಾರೀಕಿನ ಚೆಕ್ ಕೊಟ್ಟೆ.

ಒಂಬತ್ತು ವಾರಕ್ಕೆ ಮಂಜೂರಾತಿ ಪತ್ರ ಬಂತು. 60 ಲಕ್ಷ ಅಂತಲೇ ಇತ್ತು. ಪ್ರೊಸೆಸಿಂಗ್ ಫೀಸು ಖಾತೆಯಿಂದ ಕಡಿತವಾಯಿತು. ಅದೇ ವಾರ 12 ಲಕ್ಷದ ಚೆಕ್ ವಾಪಸ್ ಹೋಯಿತು. ಬ್ಯಾಂಕಿನದೇ ತಪ್ಪಿರಬೇಕು ಅಂತ ಓಡಿಹೋದೆ. ಅಲ್ಲಿ ಗೊತ್ತಾಯಿತು, ಲಿಮಿಟ್ 60 ಇದ್ದರೂ ನಾನು ತೆಗೆಯಬಹುದಾಗಿದ್ದು 34.8 ಲಕ್ಷ ಮಾತ್ರ. 39 ಬಳಸಿದ್ದರಿಂದ ನಾನೇ 4.2 ಲಕ್ಷ ಬ್ಯಾಂಕಿಗೆ ತುಂಬಬೇಕಿತ್ತು.

ಇದಕ್ಕೆ ಕಾರಣ ಡ್ರಾಯಿಂಗ್ ಪವರ್, ಎಲ್ಲರೂ ಡಿಪಿ ಅನ್ನುತ್ತಾರಲ್ಲ, ಅದು. ಮಂಜೂರಾದ ಲಿಮಿಟ್ ಒಂದು ಮೇಲ್ಮಿತಿ ಅಷ್ಟೆ. ವರ್ಷದ ವಹಿವಾಟು, ಬ್ಯಾಲೆನ್ಸ್ ಶೀಟು, ಮುಂದಿನ ಅಂದಾಜು ನೋಡಿ ಅದನ್ನು ನಿರ್ಧರಿಸುತ್ತಾರೆ. ಆದರೆ ಇವತ್ತು ಎಷ್ಟು ತೆಗೆಯಬಹುದು ಅನ್ನುವುದನ್ನು ನಾವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಹೇಳುತ್ತದೆ. ಲಿಮಿಟ್ ಮತ್ತು ಡಿಪಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಮಗೆ ಸಿಗುವುದು.

ನನ್ನ ಲೆಕ್ಕವನ್ನೇ ನೋಡಿ. ಅರ್ಜಿ ಹಾಕಿದಾಗ ಸ್ಟಾಕ್ 34 ಲಕ್ಷ ಇತ್ತು. ಅದರಲ್ಲಿ 10 ಲಕ್ಷದ ಮಾಲಿಗೆ ಇನ್ನೂ ದುಡ್ಡು ಕೊಟ್ಟಿರಲಿಲ್ಲ. ದುಡ್ಡು ಕೊಡದ ಮಾಲನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ 24 ಲಕ್ಷದಲ್ಲಿ 25 ಪರ್ಸೆಂಟ್ ಮಾರ್ಜಿನ್, ಅಂದರೆ ನಾವೇ ಹಾಕಬೇಕಾದ ಪಾಲು, ಕಳೆದರೆ 18 ಲಕ್ಷ. ಗಿರಾಕಿಗಳಿಂದ 46 ಲಕ್ಷ ಬರಬೇಕಿತ್ತು. ಅದಕ್ಕೆ ನನ್ನ ಖಾತೆಯಲ್ಲಿ 40 ಪರ್ಸೆಂಟ್ ಮಾರ್ಜಿನ್. ಕಳೆದರೆ 27.6 ಲಕ್ಷ. ಒಟ್ಟು ಡಿಪಿ 45.6 ಲಕ್ಷ. ಲಿಮಿಟ್ 40 ಇದ್ದದ್ದರಿಂದ, ನನ್ನನ್ನು ಕಟ್ಟಿಹಾಕಿರುವುದು ಲಿಮಿಟ್ಟೇ ಅಂತ ಅನ್ನಿಸಿತ್ತು. ಆ ದಿನಕ್ಕೆ ಅದು ನಿಜವೂ ಹೌದು.

ಆಮೇಲಿನ ಒಂಬತ್ತು ವಾರದಲ್ಲಿ ಎರಡು ವಿಷಯ ಆದವು. ಆ 46 ಲಕ್ಷದಲ್ಲಿ 18 ಲಕ್ಷ ಒಬ್ಬನೇ ಗಿರಾಕಿಯ ಬಾಕಿ. ಅರ್ಜಿ ಹಾಕುವಾಗಲೇ ಆ ಬಿಲ್ಲುಗಳಿಗೆ 60 ದಿನ ದಾಟಿತ್ತು. ಮಂಜೂರಾತಿ ಬರುವ ಹೊತ್ತಿಗೆ 90 ದಿನ ಮೀರಿ ಹೋಯಿತು. ನನ್ನ ಷರತ್ತಿನ ಪ್ರಕಾರ 90 ದಿನ ದಾಟಿದ ಬಾಕಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ. ಉಳಿದ ಬಾಕಿ ಹೆಚ್ಚೂಕಡಿಮೆ ಅಷ್ಟೇ ಇತ್ತು, 28 ಲಕ್ಷ. ಅದರ ಮೇಲೆ ಸಿಕ್ಕಿದ್ದು 16.8 ಲಕ್ಷ. ಒಬ್ಬ ಗಿರಾಕಿಯ ತಡದಿಂದ 10.8 ಲಕ್ಷದ ಡಿಪಿ ಹೋಯಿತು.

ಎರಡನೆಯದು ನನಗೆ ಹೊಳೆದೇ ಇರಲಿಲ್ಲ. 12 ಲಕ್ಷದ ರೀಲು ಬಂದಾಗ ಸ್ಟಾಕ್ 46 ಲಕ್ಷ ಆಯಿತು, ಡಿಪಿ ಏರುತ್ತೆ ಅಂತ ಖುಷಿಪಟ್ಟೆ. ಆದರೆ ಕೊಡಬೇಕಾದ ಬಾಕಿಯೂ 10ರಿಂದ 22ಕ್ಕೆ ಏರಿತ್ತಲ್ಲ. ಕಳೆದರೆ ಮತ್ತೆ ಅದೇ 24. ಗೋದಾಮು ತುಂಬಿತ್ತು, ಡಿಪಿ ಒಂದು ರೂಪಾಯಿಯೂ ಹೆಚ್ಚಲಿಲ್ಲ. 18 ಮತ್ತು 16.8 ಸೇರಿ 34.8.

ಆ 18 ಲಕ್ಷ ಸಮಯಕ್ಕೆ ವಸೂಲಾಗಿ ಖಾತೆಗೆ ಬಂದಿದ್ದರೆ ಏನಾಗುತ್ತಿತ್ತು? ಡಿಪಿ ಅದೇ 34.8 ಇರುತ್ತಿತ್ತು, ಆದರೆ ಬಳಕೆ 39ರಿಂದ 21ಕ್ಕೆ ಇಳಿಯುತ್ತಿತ್ತು. ಆಗ ನನಗೆ ಬೇಕಾಗುತ್ತಿದ್ದದ್ದು 21 ಮತ್ತು 12, ಅಂದರೆ 33. ಸಾಕಾಗುತ್ತಿತ್ತು. ಅಂದರೆ ಕೆಟ್ಟದ್ದು ನನ್ನ ಲಿಮಿಟ್ ಅಲ್ಲ, ನನ್ನ ವಸೂಲಿ. ಆ ಗಿರಾಕಿಗೆ ಬೇಜಾರಾಗುತ್ತೆ ಅಂತ ಸುಮ್ನೆ ಇದ್ದೆ. ಅದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾರ್ಜಿನ್ನೂ, ಬಾಕಿಗೆ ಹಾಕುವ 90 ದಿನದಂತಹ ಮಿತಿಯೂ ಬ್ಯಾಂಕಿಂದ ಬ್ಯಾಂಕಿಗೆ ಬೇರೆ ಇರುತ್ತವೆ. ನಿಮ್ಮದು ಎಷ್ಟು ಅಂತ ಮಂಜೂರಾತಿ ಪತ್ರದಲ್ಲೇ ಬರೆದಿರುತ್ತಾರೆ, ತೆಗೆದು ನೋಡಿ. ಲಿಮಿಟ್ ಕೇಳಲು ಹೋಗುವ ಮೊದಲು ಇವತ್ತಿನ ಡಿಪಿ ಮಾತ್ರ ಲೆಕ್ಕ ಹಾಕಬೇಡಿ. ಮೂರು ತಿಂಗಳ ಮುಂದಿನದನ್ನೂ ಹಾಕಿ. ಪ್ರತಿ ಬಿಲ್ಲಿನ ತಾರೀಕು ತೆಗೆದುಕೊಂಡು, ಮಂಜೂರಾತಿ ಬರುವ ಹೊತ್ತಿಗೆ ಯಾವ ಬಿಲ್ಲು ಮಿತಿ ದಾಟಿರುತ್ತದೆ ಅಂತ ಗುರುತು ಹಾಕಿ. ದಾಟುವ ಬಿಲ್ಲು ದೊಡ್ಡದಾಗಿದ್ದರೆ ಮೊದಲು ಅದನ್ನು ವಸೂಲಿ ಮಾಡಿ. ಆ ಕಾಗದವನ್ನೇ ಮ್ಯಾನೇಜರ್ ಮುಂದಿಟ್ಟು ಕೇಳಿ: "ಸರ್, ಲಿಮಿಟ್ 60 ಆದ ದಿನ ನನ್ನ ಡಿಪಿ ಎಷ್ಟಿರುತ್ತೆ? ಮಂಜೂರು ಮಾಡೋದು ಯಾರು, ಎಷ್ಟು ದಿನ ಹಿಡಿಯುತ್ತೆ?" ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅಂತಹ ಇಮೇಲ್ ಮಂಜೂರಾತಿ ಅಲ್ಲ, ಆದರೆ ಅವರೂ ಯೋಚನೆ ಮಾಡಿ ಬರೆಯುತ್ತಾರೆ.

ಒಂದೇ ಆರ್ಡರಿಗಾಗಿ ನಾನು ಕಾಯಂ ಲಿಮಿಟ್ ಹೆಚ್ಚಿಸಲು ಹೋದದ್ದೂ ತಪ್ಪು. ಆ ಆರ್ಡರಿನ ಪ್ರತಿ ತೋರಿಸಿ, ಅಲ್ಪಾವಧಿಗೆ ಅಡ್‌ಹಾಕ್ ಲಿಮಿಟ್ ಕೇಳಬಹುದಿತ್ತು. ಅದಕ್ಕೂ ಷರತ್ತು, ಖರ್ಚು ಇರುತ್ತವೆ. ಆದರೆ ಬೇಕಾದದ್ದು ಎಷ್ಟು, ಎಷ್ಟು ದಿನಕ್ಕೆ ಅನ್ನುವ ಮಾತು ಮೊದಲ ದಿನವೇ ಬರುತ್ತಿತ್ತು.

ಚೆಕ್ ವಾಪಸ್ ಹೋದ ಮೇಲೆ ಪರಿಚಯದವರೊಬ್ಬರು ಒಂದು ದಾರಿ ಹೇಳಿದರು. ಹಳೇ ಬಿಲ್ಲು ರದ್ದು ಮಾಡಿ ಹೊಸ ತಾರೀಕು ಹಾಕಿ, ಡಿಪಿ ತಾನೇ ಏರುತ್ತೆ ಅಂದರು. ಇದನ್ನು ಮಾತ್ರ ಮಾಡಬೇಡಿ. ಸ್ಟಾಕ್ ಆಡಿಟ್‌ಗೆ ಬಂದವರು ಬಿಲ್ಲು, ಮಾಲು ಸಾಗಿಸಿದ ದಾಖಲೆ, ಗಿರಾಕಿಯ ಖಾತೆ, ಎಲ್ಲ ತಾಳೆ ನೋಡುತ್ತಾರೆ. ಸಿಕ್ಕಿಬಿದ್ದರೆ ಅದು ಬ್ಯಾಂಕಿಗೆ ಮಾಡಿದ ಮೋಸ. ಆಗ ಇದ್ದ ಲಿಮಿಟ್ ಕೂಡ ಹೋಗುತ್ತದೆ.

ನಾನು ಮನೆಯ ಉಳಿತಾಯ ತೆಗೆದು 4.2 ಲಕ್ಷ ತುಂಬಿದೆ. ಸಪ್ಲೈಯರ್‌ಗೆ ನಾಲ್ಕು ಕಂತಿನಲ್ಲಿ ಕೊಟ್ಟೆ. ಪೆಟ್ಟಿಗೆಗಳು ತಡವಾಗಿ ಹೋದವು. ಆ 18 ಲಕ್ಷದಲ್ಲಿ 11 ಲಕ್ಷ ಬಂದಿದೆ, ಉಳಿದದ್ದಕ್ಕೆ ವಾರವಾರ ಫೋನ್ ಮಾಡುತ್ತಿದ್ದೇನೆ. ಹತ್ತು ವರ್ಷ ನನ್ನ ಮಾತಿನ ಮೇಲೆ ಉದ್ರಿ ಕೊಟ್ಟ ಆ ಸಪ್ಲೈಯರ್ ಈಗ ದುಡ್ಡು ಜಮೆಯಾದ ಮೇಲೆಯೇ ರೀಲು ಕಳಿಸುತ್ತಾರೆ.