ಗ್ರೇಡೆಡ್ ರೀಡರ್‌ಗಳು: ಅಕ್ಕ ಮೂರನೇ ಹಂತದಲ್ಲಿ ಸಿಕ್ಕಿಕೊಂಡಿದ್ದು, ದಾಟಿದ್ದು

ಇಂಗ್ಲಿಷ್ ಕಲಿಯಲು ಗ್ರೇಡೆಡ್ ರೀಡರ್‌ಗಳನ್ನು ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಓದಿದ್ದು ನಾನಲ್ಲ, ನಮ್ಮ ಅಕ್ಕ. ಗದಗಿನಲ್ಲಿ ಮನೆ, ಹುಬ್ಬಳ್ಳಿಯ ಒಂದು ಪತ್ತಿನ ಸಂಘದಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ವಯಸ್ಸು ನಲವತ್ತು ದಾಟಿದೆ. ಬಿ.ಎ. ತನಕ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲೇ. ಪುಸ್ತಕ ಆರಿಸಿ ತಂದುಕೊಡುವುದು, ಅವಳು ಎಲ್ಲಿ ತಡವರಿಸುತ್ತಾಳೆ ಅಂತ ನೋಡುವುದು ನನ್ನ ಪಾಲಿನ ಕೆಲಸ.

ಶುರುವಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಅಕ್ಷರ ಎಲ್ಲಾ ಓದ್ತೇನಿ ತಮ್ಮಾ. ಸಾಲು ಮುಗಿಯೂದ್ರಾಗ ಮೊದಲಿಂದು ಮರ್ತಿರ್ತೇನಿ."

ನಾವು ಹೆಚ್ಚಾಗಿ ಬಳಸಿದ್ದು ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿ. ಕಲಿಯುವವರಿಗೆ ಅಂತಲೇ ಪದಗಳಿಗೆ ಮಿತಿ ಹಾಕಿ ಬರೆದ ಸಣ್ಣ ಕಥೆಪುಸ್ತಕಗಳು ಇವು. ಒಂದನೇ ಹಂತದಲ್ಲಿ 400 ಮೂಲಪದ, ಎರಡರಲ್ಲಿ 700, ಮೂರರಲ್ಲಿ 1000, ನಾಲ್ಕರಲ್ಲಿ 1400. ಹೀಗೆ ಆರನೇ ಹಂತಕ್ಕೆ 2500. ಮೂಲಪದ ಅಂದರೆ ಅದರ ರೂಪಗಳೂ ಸೇರಿ ಒಂದೇ ಲೆಕ್ಕ. 'ಗೋ' ಇದ್ದರೆ 'ವೆಂಟ್', 'ಗಾನ್' ಕೂಡ ಅದರೊಳಗೇ ಬಂದವು. ಹಾಗಾಗಿ 400 ಅಂದ ತಕ್ಷಣ ಸಲೀಸು ಅಂತ ತಿಳಿಯಬೇಡಿ. ಕ್ರಿಯಾಪದಗಳ ಭೂತಕಾಲದ ರೂಪ ಗೊತ್ತಿಲ್ಲದವರಿಗೆ ಒಂದನೇ ಹಂತವೂ ಸ್ವಲ್ಪ ಕಾಡುತ್ತದೆ.

ಮೊದಲೆರಡು ಹಂತಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಚೆನ್ನಾಗಿಯೇ ಸಾಗಿದವು. ತೊಂದರೆ ಕೊಟ್ಟಿದ್ದು ಪದಗಳಲ್ಲ, ಹೆಸರುಗಳು. ಒಬ್ಬನೇ ಮನುಷ್ಯ ಒಂದು ಪುಟದಲ್ಲಿ ವಿಲಿಯಂ, ಇನ್ನೊಂದರಲ್ಲಿ ಬಿಲ್, ಪೊಲೀಸರ ಬಾಯಲ್ಲಿ ಮಿಸ್ಟರ್ ಕಾರ್ಟರ್. ಅಕ್ಕ ಮೂರು ಜನ ಅಂದುಕೊಂಡು ಓದುತ್ತಿದ್ದಳು. ಆಮೇಲೆ ಪುಸ್ತಕದ ಮೊದಲ ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ಯಾರು ಯಾರಿಗೆ ಏನಾಗಬೇಕು ಅಂತ ಬರೆದಿಟ್ಟುಕೊಳ್ಳತೊಡಗಿದಳು. ಸಮಸ್ಯೆ ಅಲ್ಲಿಗೇ ಮುಗಿಯಿತು.

ನಿಜವಾದ ಗೋಡೆ ಎದುರಾದದ್ದು ಮೂರನೇ ಹಂತದಲ್ಲಿ.

ಪುಸ್ತಕ ಹೊಂದುತ್ತದೋ ಇಲ್ಲವೋ ನೋಡಲು ನಾವು ಬಳಸುವ ಪರೀಕ್ಷೆ ಸುಲಭ. ನಡುವಿನ ಯಾವುದಾದರೂ ಪುಟ ತೆಗೆದು ಸುಮಾರು ನೂರು ಪದ ಓದಿಸಬೇಕು. ಗೊತ್ತಿಲ್ಲದ ಪದ ಎರಡರ ಒಳಗಿದ್ದರೆ ಸರಿ. ಯಾರ ನೆರವಿಲ್ಲದೆ ಕಥೆ ಅರ್ಥವಾಗಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು ಅಂತ ಪಾಲ್ ನೇಷನ್ ಮತ್ತು ಹು ಎಂಬ ಸಂಶೋಧಕರು 2000ರಲ್ಲಿ ತೋರಿಸಿದ್ದರು, ಈ ಲೆಕ್ಕ ಅಲ್ಲಿಂದ ಬಂದದ್ದು. ಮೂರನೇ ಹಂತದ ಮೊದಲ ಪುಸ್ತಕ ಈ ಪರೀಕ್ಷೆಯಲ್ಲಿ ಪಾಸಾಯಿತು. ಆದರೂ ಅಕ್ಕ ನಾಲ್ಕು ಪುಟ ಓದಿ ಮುಚ್ಚಿಟ್ಟಳು. "ಶಬ್ದ ಎಲ್ಲಾ ಗೊತ್ತದಾವ, ಏನ್ ಹೇಳಾಕತ್ತಾನ ಅಂತ ತಿಳಿವಲ್ದು" ಅಂದಳು.

ಒಂದು ಸಾಲು ಹಿಡಿದು ಕೂತಾಗ ಗೊತ್ತಾಯಿತು. 'ದ ಮ್ಯಾನ್ ಹೂ ಹ್ಯಾಡ್ ಸೋಲ್ಡ್ ದ ಹಾರ್ಸ್ ಕೇಮ್ ಬ್ಯಾಕ್' ಅನ್ನುವಂಥ ಸಾಲು. ಅಕ್ಕನಿಗೆ ಅರ್ಥವಾದದ್ದು, ಕುದುರೆ ವಾಪಸ್ ಬಂತು! ತಪ್ಪೇನೂ ಅಲ್ಲ, 'ಹಾರ್ಸ್ ಕೇಮ್ ಬ್ಯಾಕ್' ಅಂತ ಪಕ್ಕಪಕ್ಕದಲ್ಲೇ ಇದೆಯಲ್ಲ. ನಾವು 'ಕುದುರೆ ಮಾರಿದ್ದ ಮನುಷ್ಯ' ಅನ್ನುತ್ತೇವೆ. ವಿವರಣೆ ಮೊದಲು, ಮನುಷ್ಯ ಆಮೇಲೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬಂದು ನಿಂತುಕೊಳ್ಳುತ್ತಾನೆ, ವಿವರಣೆ ಹಿಂದಿನಿಂದ ಬರುತ್ತದೆ, ಅವನು ಏನು ಮಾಡಿದ ಅನ್ನುವುದು ಅದಕ್ಕೂ ಆಚೆ. ಈ ಸರಣಿಯಲ್ಲಿ ಇಂಥ ಜೋಡುವಾಕ್ಯಗಳು, 'ಹ್ಯಾಡ್' ಸೇರಿದ ಕ್ರಿಯಾಪದಗಳು ಮೂರನೇ ಹಂತದಲ್ಲೇ ಒಟ್ಟಿಗೆ ಒಳಗೆ ಬರುತ್ತವೆ. ಮೇಲೆ ಬರೆದ ಪದಗಳ ಸಂಖ್ಯೆ ನೋಡಿದರೆ 700ರಿಂದ 1000 ಸಣ್ಣ ಮೆಟ್ಟಿಲು ಅನ್ನಿಸುತ್ತದೆ. ವಾಕ್ಯದ ಲೆಕ್ಕದಲ್ಲಿ ಅದು ದೊಡ್ಡದು.

ಪದ ಎಣಿಸುವ ಪರೀಕ್ಷೆಗೆ ಇದು ಸಿಗುವುದಿಲ್ಲ. ಸಿಗುವುದು ಗಡಿಯಾರಕ್ಕೆ. ಬುಕ್‌ವರ್ಮ್ಸ್ ಪುಸ್ತಕಗಳ ಶುರುವಿನಲ್ಲಿ, ಪ್ರಕಾಶಕರ ವಿವರ ಇರುವ ಪುಟದಲ್ಲಿ, ಒಟ್ಟು ಎಷ್ಟು ಪದ ಅಂತ ಅಚ್ಚಾಗಿರುತ್ತದೆ. ಓದಿದ ನಿಮಿಷದಿಂದ ಅದನ್ನು ಭಾಗಿಸಿದರೆ ವೇಗ ಸಿಕ್ಕಿತು. ಎರಡನೇ ಹಂತದ ಕೊನೆಗೆ ಅಕ್ಕ ನಿಮಿಷಕ್ಕೆ ತೊಂಬತ್ತರ ಹತ್ತಿರ ಓದುತ್ತಿದ್ದಳು. ಮೂರಕ್ಕೆ ಬಂದಾಗ ಐವತ್ತಕ್ಕೆ ಇಳಿಯಿತು. ಹತ್ತು ಸಾವಿರ ಪದದ ಪುಸ್ತಕಕ್ಕೆ ಆ ವೇಗದಲ್ಲಿ ಮೂರು ಗಂಟೆ ಮೀರುತ್ತದೆ. ಅಷ್ಟರಲ್ಲಿ ಕಥೆಯ ಎಳೆಯೇ ಕೈತಪ್ಪಿ ಹೋಗುತ್ತದೆ, ಅಲ್ವಾ?

ನಾವು ಮೂರನೇ ಹಂತವನ್ನು ಬದಿಗಿಟ್ಟು, ಮೇಲೆ ಹೋಗುವ ಬದಲು ಅಡ್ಡಡ್ಡ ಹೋದೆವು. ಕೇಂಬ್ರಿಜ್ ಇಂಗ್ಲಿಷ್ ರೀಡರ್ಸ್ ಸರಣಿಯ ಎರಡನೇ ಲೆವಲ್ 800 ಪದಗಳದ್ದು, ಸರಿಯಾಗಿ ನಡುವೆ ಕೂರುತ್ತದೆ. ಅವು ಹಳೆಯ ದೊಡ್ಡ ಕಾದಂಬರಿಗಳನ್ನು ಕತ್ತರಿಸಿ ಮಾಡಿದವಲ್ಲ, ಕಲಿಯುವವರಿಗಾಗಿಯೇ ಬರೆದ ಕಥೆಗಳು. ಹಾಗಾಗಿ ಮಾತು ಸಹಜವಾಗಿದೆ, ಪಾತ್ರಗಳು ಇವತ್ತಿನವು. ಜತೆಗೆ ಅಕ್ಕ ಮೊದಲೇ ಓದಿ ಇಷ್ಟಪಟ್ಟಿದ್ದ ಎರಡನೇ ಹಂತದ ಪುಸ್ತಕಗಳನ್ನು ಆಡಿಯೋ ಕೇಳುತ್ತಾ ಇನ್ನೊಮ್ಮೆ ಓದಿದಳು. ಆಡಿಯೋದಿಂದ ಆದ ಲಾಭ ಉಚ್ಚಾರಣೆಯಲ್ಲ. ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದು. 'ಹೂ' ಇಂದ 'ಹಾರ್ಸ್' ತನಕ ಒಂದೇ ಗಂಟು ಅಂತ ಕಿವಿಗೆ ಗೊತ್ತಾದ ಮೇಲೆ ಕಣ್ಣಿಗೂ ಗೊತ್ತಾಗುತ್ತದೆ. ಮೂರನೇ ಹಂತಕ್ಕೆ ಮರಳಿದಾಗ ಮೊದಲ ಅಧ್ಯಾಯದಲ್ಲಿ ಮಾತ್ರ ಇಂಥ ಗಂಟುಗಳಿಗೆ ಪೆನ್ಸಿಲ್‌ನಿಂದ ಕಂಸ ಹಾಕಿಕೊಂಡಳು. ಆಮೇಲೆ ಬೇಕಾಗಲಿಲ್ಲ. ವೇಗ ಎಂಬತ್ತು ದಾಟಿತು.

ಕೊಳ್ಳುವವರು ಗಮನಿಸಬೇಕಾದ್ದು ಒಂದಿದೆ. ಹೊದಿಕೆಯ ಮೇಲಿನ ಸಂಖ್ಯೆ ಪ್ರಕಾಶಕರಿಂದ ಪ್ರಕಾಶಕರಿಗೆ ಬೇರೆ. ಹಳೆಯ ಪೆಂಗ್ವಿನ್ ರೀಡರ್ಸ್‌ನಲ್ಲಿ ಲೆವಲ್ 3 ಅಂದರೆ 1200 ಪದ. ನಾನು ಆನ್‌ಲೈನ್‌ನಲ್ಲಿ ತರಿಸಿದಾಗ ಒಬ್ಬ ಮಾರಾಟಗಾರ ಒಂದು ಸರಣಿಯ ಬದಲು ಇನ್ನೊಂದನ್ನು ಕಳಿಸಿ, "ಅದೂ ಮೂರೇ, ಇದೂ ಮೂರೇ" ಅಂತ ವಾದಿಸಿದ! ಲೆವಲ್ ನಂಬರ್ ಬಿಟ್ಟು ಮೂಲಪದಗಳ ಸಂಖ್ಯೆ ನೋಡಿಯೇ ಕೊಳ್ಳಿ. ಹಳೇ ಪುಸ್ತಕ ತಗೊಳ್ಳುವುದಾದರೆ ಒಳಗೆ ತಿರುವಿ ನೋಡಿ. ಮೊದಲು ಓದಿದವರು ಪ್ರತಿ ಪದದ ಮೇಲೂ ಕನ್ನಡ ಅರ್ಥ ಬರೆದಿದ್ದರೆ ಕಣ್ಣು ಇಂಗ್ಲಿಷ್ ಬಿಟ್ಟು ಅದನ್ನೇ ಓದುತ್ತದೆ. ಪೆನ್ನಿನಲ್ಲಿ ಬರೆದಿದ್ದರೆ ಅಳಿಸಲೂ ಆಗದು. ಪುಸ್ತಕ ತೆಳ್ಳಗಿರುವುದಕ್ಕೆ ಹೋಲಿಸಿದರೆ ಹೊಸದರ ಬೆಲೆ ಜಾಸ್ತಿಯೇ. ನೇಷನ್ ಅವರ ಲೆಕ್ಕದಲ್ಲಿ ಒಂದು ಹಂತಕ್ಕೆ ಐದು ಪುಸ್ತಕವಾದರೂ ಬೇಕು. ಪದಗಳು ಮತ್ತೆ ಮತ್ತೆ ಎದುರಾಗಿ ನೆನಪಿನಲ್ಲಿ ಉಳಿಯಬೇಕಲ್ಲ. ಇಬ್ಬರು ಮೂವರು ಸೇರಿ ಕೊಂಡು ಬದಲಾಯಿಸಿಕೊಂಡರೆ ಹೊರೆ ಕಡಿಮೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಏಕೆಂದರೆ, ಅಕ್ಕ ಈಗ ನಾಲ್ಕನೇ ಹಂತ ಓದುತ್ತಾಳೆ, ಆದರೆ ಸಂಘಕ್ಕೆ ಬರುವ ಇಂಗ್ಲಿಷ್ ಸುತ್ತೋಲೆ ಇನ್ನೂ ಪೂರ್ತಿ ಅರ್ಥವಾಗುವುದಿಲ್ಲ. ಆ ಕಚೇರಿ ಪದಗಳು ಕಥೆಗಳಲ್ಲಿ ಬರುವುದೇ ಇಲ್ಲ. ಪೇಪರ್ ಸಲೀಸಾಗಿ ಓದಲು ಎಂಟು ಸಾವಿರದಷ್ಟು ಪದಕುಟುಂಬ, ಅಂದರೆ ಎಲ್ಲ ರೂಪಗಳೂ ಸೇರಿ ಒಂದೇ ಅಂತ ಎಣಿಸಿದ ಪದಗಳು, ಬೇಕು ಅನ್ನುತ್ತಾರೆ, ಈ ಸರಣಿ 2500ಕ್ಕೆ ನಿಲ್ಲುತ್ತದೆ. ಸುತ್ತೋಲೆಗಾಗಿ ನಾವು ಬೇರೆ ದಾರಿ ಹಿಡಿದಿದ್ದೇವೆ. ಹಳೆಯ ಸುತ್ತೋಲೆಗಳಲ್ಲಿ ಪದೇ ಪದೇ ಬರುವ ಪದಗಳನ್ನು ಅಕ್ಕ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಾಳೆ. ವಾಕ್ಯ ಉದ್ದವಿದ್ದರೆ ಮಾತ್ರ ಈಗ ಹೆದರುವುದಿಲ್ಲ, ಕಂಸ ಹಾಕಿ ಓದುತ್ತಾಳೆ.